ಅದೇ Kp, ಅದೇ Ti, ಅದೇ Td; ಆದರೂ ಹಬೆ ವಾಲ್ವ್ ನಡುಗುವುದೇಕೆ?

ಪ್ರಶ್ನೆ: ಕೋಲಾರ ಜಿಲ್ಲೆಯ ಒಂದು ಡೇರಿಯಲ್ಲಿ ಇನ್‌ಸ್ಟ್ರುಮೆಂಟೇಷನ್ ಕೆಲಸ ನೋಡಿಕೊಳ್ಳುತ್ತೇನೆ. ಪಾಶ್ಚರೈಸರ್‌ನ ಹಳೆಯ ಕಂಟ್ರೋಲರ್ ತೆಗೆದು ಪಿಎಲ್‌ಸಿ ಹಾಕಿಸಿದ್ದೇವೆ. ಹಳೆಯದರಲ್ಲಿದ್ದ Kp = 4 (ಪ್ರತಿ ಡಿಗ್ರಿಗೆ ಶೇ. 4), Ti = 40 ಸೆಕೆಂಡ್, Td = 8 ಸೆಕೆಂಡ್ ಎಂಬ ಅಂಕಿಗಳನ್ನೇ ಕೊಟ್ಟಿದ್ದೇವೆ. ಈಗ ಹಾಲಿನ ತಾಪಮಾನ ಸ್ಥಿರವಾಗಿದ್ದರೂ ಹಬೆ ವಾಲ್ವ್ ಸದಾ ನಡುಗುತ್ತದೆ. ಸೆಟ್‌ಪಾಯಿಂಟನ್ನು 74ರಿಂದ 80 ಡಿಗ್ರಿಗೆ ಏರಿಸಿದರೆ ಔಟ್‌ಪುಟ್ ಒಮ್ಮೆಲೇ 100ಕ್ಕೆ ಜಿಗಿದು ಬರುತ್ತದೆ. Td ಸೊನ್ನೆ ಮಾಡಿದರೆ ಎರಡೂ ನಿಲ್ಲುತ್ತವೆ, ಆದರೆ ಹಾಲಿನ ಟ್ಯಾಂಕ್ ಬದಲಿಸಿದಾಗ ತಾಪಮಾನ ತೀರಾ ಕುಸಿಯುತ್ತದೆ. ಪ್ರೋಗ್ರಾಂ 100 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ, ಅಳತೆ 0.1 ಡಿಗ್ರಿಯ ಹಂತಗಳಲ್ಲಿ ಬರುತ್ತದೆ. ಏನು ಮಾಡಬೇಕು?

ಉತ್ತರ: Td ಅನ್ನು ಸೊನ್ನೆ ಮಾಡಬೇಡಿ. ಬಲ್ಕ್ ಕೂಲರ್‌ನಿಂದ ಬಂದ 4 ಡಿಗ್ರಿಯ ಹಾಲು ಒಂದು ಟ್ಯಾಂಕಿನಲ್ಲಿ, ಕ್ಯಾನ್‌ಗಳಲ್ಲಿ ಬಂದ ಅಷ್ಟೇನೂ ತಣ್ಣಗಿಲ್ಲದ ಹಾಲು ಇನ್ನೊಂದರಲ್ಲಿ ಇದ್ದರೆ, ಟ್ಯಾಂಕ್ ಬದಲಾದ ಕೂಡಲೇ ತಾಪಮಾನ ಜಾರಲು ತೊಡಗುತ್ತದೆ. ಆ ಜಾರುವಿಕೆಯ ವೇಗವನ್ನು ನೋಡಿಯೇ ಹಬೆಯನ್ನು ಮುಂಚಿತವಾಗಿ ಹೆಚ್ಚಿಸುವುದು ಡೆರಿವೇಟಿವ್ ಭಾಗ. ಅದು ನಿಮಗೆ ಬೇಕು. ತೊಂದರೆ Td ಇರುವುದರಲ್ಲಿಲ್ಲ, ಅದನ್ನು ಲೆಕ್ಕ ಹಾಕುತ್ತಿರುವ ರೀತಿಯಲ್ಲಿದೆ.

ಮೂರು ಅಂಕಿಗಳು ಒಂದೇ ಆದ ಮಾತ್ರಕ್ಕೆ ಎರಡು ಕಂಟ್ರೋಲರ್‌ಗಳು ಒಂದೇ ಆಗುವುದಿಲ್ಲ. ಪ್ಯಾನೆಲ್‌ನಲ್ಲಿ ಕೂರಿಸುವ ಕಂಟ್ರೋಲರ್‌ಗಳಲ್ಲಿ ಡೆರಿವೇಟಿವ್‌ಗೆ ಒಂದು ಫಿಲ್ಟರ್ ಸಾಮಾನ್ಯವಾಗಿ ಒಳಗೇ ಇರುತ್ತದೆ. ಡೆರಿವೇಟಿವ್ ಭಾಗ ಸೆಟ್‌ಪಾಯಿಂಟನ್ನು ನೋಡದೆ ಅಳತೆಯನ್ನು ಮಾತ್ರ ನೋಡುವಂತೆಯೂ ಮಾಡಿರುತ್ತಾರೆ. ಪುಸ್ತಕದ ಸಮೀಕರಣವನ್ನು ಇದ್ದಂತೆಯೇ ಪಿಎಲ್‌ಸಿಯಲ್ಲಿ ಬರೆದರೆ ಈ ಎರಡೂ ಬಿಟ್ಟುಹೋಗುತ್ತವೆ. ನೀವು ಹೇಳಿರುವ ಎರಡು ಲಕ್ಷಣಗಳೂ ಅದನ್ನೇ ತೋರಿಸುತ್ತವೆ.

ಮೊದಲು ನಡುಕದ ಲೆಕ್ಕ. ಅಳತೆ ಒಂದು ಸ್ಕ್ಯಾನ್‌ನಲ್ಲಿ 0.1 ಡಿಗ್ರಿ ಬದಲಾದರೆ, ಫಿಲ್ಟರ್ ಇಲ್ಲದ ಡೆರಿವೇಟಿವ್ ಕೊಡುವ ಉತ್ತರ Kp × Td × 0.1 ÷ 0.1, ಅಂದರೆ ಶೇ. 32. ಅದೇ ಬದಲಾವಣೆಗೆ ಪ್ರೊಪೋರ್ಷನಲ್ ಭಾಗ ಕೊಡುವುದು ಶೇ. 0.4 ಮಾತ್ರ. ನಿಮ್ಮ ವಾಲ್ವ್ ಶೇ. 40ರಲ್ಲಿ ನಿಂತಿದ್ದರೆ, ಅಳತೆಯ ಕೊನೆಯ ಅಂಕಿ ಒಮ್ಮೆ ಏರಿ ಒಮ್ಮೆ ಇಳಿದರೆ ಸಾಕು, ಔಟ್‌ಪುಟ್ 8 ಮತ್ತು 72ರ ನಡುವೆ ತೂಗಾಡುತ್ತದೆ. ಹಾಲಿನಲ್ಲಿ ಏನೂ ಆಗಿರುವುದಿಲ್ಲ, ಸವೆಯುವುದು ವಾಲ್ವ್‌ನ ಪ್ಯಾಕಿಂಗ್ ಮತ್ತು ಪೊಸಿಷನರ್. ಇದೇ ಪ್ರೋಗ್ರಾಂ ಒಂದು ಸೆಕೆಂಡಿಗೊಮ್ಮೆ ಓಡಿದ್ದರೆ ಈ ಶೇ. 32 ಎಂಬುದು ಶೇ. 3.2 ಆಗಿರುತ್ತಿತ್ತು. ಪಿಎಲ್‌ಸಿ ವೇಗವಾಗಿದೆ ಎಂಬುದೇ ಇಲ್ಲಿ ಕೆಡುಕಾಗಿದೆ. ಸ್ಕ್ಯಾನ್ ನಿಧಾನ ಮಾಡಿ ನಡುಕವನ್ನು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಯಾರಾದರೂ ಆ ಬ್ಲಾಕನ್ನು ಬೇರೆ ಟಾಸ್ಕ್‌ಗೆ ಸರಿಸಿದರೆ ಅದು ಮರಳಿ ಬರುತ್ತದೆ. ನಡುಕದ ಮಿತಿಯನ್ನು ಸ್ಕ್ಯಾನ್ ಸಮಯವಲ್ಲ, ನೀವು ಕೊಟ್ಟ ಅಂಕಿ ನಿರ್ಧರಿಸಬೇಕು. ಅದಕ್ಕೆ ಫಿಲ್ಟರ್ ಬೇಕು.

ಫಿಲ್ಟರ್‌ನ ಸಮಯವನ್ನು Tf = Td ÷ N ಎಂದು ಆರಿಸುತ್ತಾರೆ. N ಸಾಮಾನ್ಯವಾಗಿ 2ರಿಂದ 20ರೊಳಗೆ ಇರುತ್ತದೆ. ನಿಮ್ಮಲ್ಲಿ N = 8 ಇಟ್ಟರೆ Tf ಒಂದು ಸೆಕೆಂಡ್ ಆಗುತ್ತದೆ. ಆಗ ಅದೇ 0.1 ಡಿಗ್ರಿಯ ಜಿಗಿತಕ್ಕೆ ಡೆರಿವೇಟಿವ್‌ನ ಉತ್ತರ 32 × 0.1 ÷ 1.1, ಅಂದರೆ ಸುಮಾರು ಶೇ. 2.9. ಸ್ಕ್ಯಾನ್ ಸಮಯವನ್ನು ಎಷ್ಟೇ ಕಡಿಮೆ ಮಾಡಿದರೂ ಇದು Kp × N × 0.1, ಅಂದರೆ ಶೇ. 3.2 ದಾಟುವುದಿಲ್ಲ.

ಹಾಗಾದರೆ N ಇನ್ನೂ ಕಡಿಮೆ ಏಕಿರಬಾರದು? ಫಿಲ್ಟರ್ ಗದ್ದಲವನ್ನು ಮಾತ್ರವಲ್ಲ, ಡೆರಿವೇಟಿವ್‌ನ ಮುಂಗಾಣ್ಕೆಯನ್ನೂ ಕಡಿಯುತ್ತದೆ. ಪ್ರೊಪೋರ್ಷನಲ್ ಮತ್ತು ಡೆರಿವೇಟಿವ್ ಎರಡೂ ಸೇರಿ ಕೊಡಬಲ್ಲ ಗರಿಷ್ಠ ಫೇಸ್ ಮುನ್ನಡೆ N = 2 ಇದ್ದಾಗ 30 ಡಿಗ್ರಿ, N = 8 ಇದ್ದಾಗ 53, N = 20 ಇದ್ದಾಗ 65. ಎಂಟರಿಂದ ಇಪ್ಪತ್ತಕ್ಕೆ ಹೋದರೆ ಸಿಗುವ ಲಾಭ 12 ಡಿಗ್ರಿ, ತೆರುವ ಬೆಲೆ ಎರಡೂವರೆ ಪಟ್ಟು ಗದ್ದಲ. ಎಂಟರಿಂದ ಎರಡಕ್ಕೆ ಇಳಿದರೆ Td ಇಟ್ಟುಕೊಂಡ ಉದ್ದೇಶವೇ ಬಹುಪಾಲು ಕಳೆದುಹೋಗುತ್ತದೆ. ನಿಮ್ಮಂಥ ತಾಪಮಾನದ ಲೂಪ್‌ಗೆ ನಾನು 8ರಿಂದಲೇ ಶುರು ಮಾಡುತ್ತೇನೆ.

ಇನ್ನು ಜಿಗಿತ. ಇಲ್ಲಿ ಒಂದು ಎಚ್ಚರಿಕೆ: ಫಿಲ್ಟರ್ ಒಂದನ್ನೇ ಹಾಕಿದರೆ ಜಿಗಿತ ಕಡಿಮೆಯಾಗುವುದಿಲ್ಲ, ಹೆಚ್ಚು ಅಪಾಯಕಾರಿಯಾಗುತ್ತದೆ. ಈಗ ಸೆಟ್‌ಪಾಯಿಂಟ್ 6 ಡಿಗ್ರಿ ಏರಿದಾಗ ಡೆರಿವೇಟಿವ್ ಲೆಕ್ಕಕ್ಕೆ ಶೇ. 1920 ಬರುತ್ತದೆ. ಅದು 100ಕ್ಕೆ ಮಿತಿಗೊಂಡು ಒಂದೇ ಸ್ಕ್ಯಾನ್‌ನಲ್ಲಿ ಮುಗಿಯುತ್ತದೆ. ಗಾಳಿಯ ಒತ್ತಡದಿಂದ ಚಲಿಸುವ ವಾಲ್ವ್ ಅಷ್ಟು ಹೊತ್ತಿನಲ್ಲಿ ಪೂರ್ತಿ ತೆರೆದುಕೊಳ್ಳಲಾರದು, ಒಮ್ಮೆ ಬೆಚ್ಚಿದಂತಾಗಿ ನಿಲ್ಲುತ್ತದೆ. ಫಿಲ್ಟರ್ ಬಂದ ಮೇಲೆ ಆ 1920 ಸುಮಾರು 175ಕ್ಕೆ ಇಳಿಯುತ್ತದೆ, ಆದರೆ ನಿಧಾನವಾಗಿ ಕರಗುತ್ತದೆ. ವಾಲ್ವ್ ಮೊದಲು ಶೇ. 40ರಲ್ಲಿತ್ತು ಎಂದುಕೊಂಡರೆ, ಔಟ್‌ಪುಟ್ ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ 100ರಲ್ಲೇ ಕೂರುತ್ತದೆ. ಈಗ ವಾಲ್ವ್‌ಗೆ ತೆರೆದುಕೊಳ್ಳಲು ನಿಜವಾಗಿ ಸಮಯ ಸಿಗುತ್ತದೆ. ಆದ್ದರಿಂದ ಫಿಲ್ಟರ್‌ನ ಜೊತೆಗೇ ಡೆರಿವೇಟಿವ್‌ನಿಂದ ಸೆಟ್‌ಪಾಯಿಂಟನ್ನು ತೆಗೆಯಬೇಕು.

ಸೆಟ್‌ಪಾಯಿಂಟ್‌ಗೆ ತೂಕ ಕೊಡುವುದು ಎಂದರೆ ಇದೇ. ಸೆಟ್‌ಪಾಯಿಂಟನ್ನು SP, ಅಳತೆಯನ್ನು PV ಎಂದು ಕರೆದರೆ, ಪ್ರೊಪೋರ್ಷನಲ್ ಭಾಗದಲ್ಲಿ SP − PV ಎನ್ನುವ ಬದಲು b×SP − PV, ಡೆರಿವೇಟಿವ್ ಭಾಗದಲ್ಲಿ c×SP − PV ಎಂದು ಬರೆಯುತ್ತೇವೆ. ಇಂಟಿಗ್ರಲ್‌ನಲ್ಲಿ ಮಾತ್ರ ಪೂರ್ತಿ ದೋಷವೇ ಇರಬೇಕು, ಇಲ್ಲದಿದ್ದರೆ ತಾಪಮಾನ ಸೆಟ್‌ಪಾಯಿಂಟ್‌ಗೆ ಬಂದು ನಿಲ್ಲುವುದಿಲ್ಲ. c = 0 ಮಾಡಿದರೆ ಡೆರಿವೇಟಿವ್ ಜಿಗಿತ ಸಂಪೂರ್ಣ ಹೋಗುತ್ತದೆ. ಆಮೇಲೆ ಉಳಿಯುವುದು ಪ್ರೊಪೋರ್ಷನಲ್‌ನ ಜಿಗಿತ: 4 × 6, ಅಂದರೆ ಶೇ. 24. b = 0.5 ಎಂದರೆ ಅದು ಶೇ. 12 ಆಗುತ್ತದೆ. ಉಳಿದದ್ದನ್ನು ಇಂಟಿಗ್ರಲ್ ಆರಂಭದಲ್ಲಿ ಸೆಕೆಂಡಿಗೆ ಶೇ. 0.6ರ ವೇಗದಲ್ಲಿ ತುಂಬುತ್ತದೆ. ಹಬೆ ಒಮ್ಮೆಗೇ ನುಗ್ಗದೆ ಇಪ್ಪತ್ತು ಸೆಕೆಂಡುಗಳಲ್ಲಿ ಹಂತಹಂತವಾಗಿ ಏರುತ್ತದೆ, ಸೆಟ್‌ಪಾಯಿಂಟನ್ನು ಮೀರಿ ಹೋಗುವುದೂ ತಗ್ಗುತ್ತದೆ.

ಈ ವಿಧಾನದ ಸೊಗಸು ಇಲ್ಲಿದೆ: b ಮತ್ತು c ಬದಲಾದರೂ PV ಹಾದುಹೋಗುವ ದಾರಿ ಬದಲಾಗುವುದಿಲ್ಲ. ಟ್ಯಾಂಕ್ ಬದಲಿಸಿದಾಗಿನ ಕುಸಿತವನ್ನು ಲೂಪ್ ಮೊದಲು ಹೇಗೆ ಎದುರಿಸುತ್ತಿತ್ತೋ ಹಾಗೆಯೇ ಎದುರಿಸುತ್ತದೆ. ಸೆಟ್‌ಪಾಯಿಂಟ್ ಜಿಗಿತಕ್ಕೆ ಹೆದರಿ Kp ಕಡಿಮೆ ಮಾಡುವವರು ಆ ಕುಸಿತವನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ.

ಪ್ರೋಗ್ರಾಂನ ತಿರುಳು ಇಷ್ಟೇ. Ts ಎಂಬುದು ಸ್ಕ್ಯಾನ್ ಸಮಯ, ನಿಮ್ಮಲ್ಲಿ 0.1 ಸೆಕೆಂಡ್. ಇಲ್ಲಿ c ಸೊನ್ನೆಯಾಗಿರುವುದರಿಂದ D ಸಾಲಿನಲ್ಲಿ SP ಬರುವುದೇ ಇಲ್ಲ:

```
P := Kp*(b*SP - PV);
D := (Tf*D - Kp*Td*(PV - PV_old))/(Tf + Ts);
V := P + I + D;
U := LIMIT(0.0, V, 100.0);
I := I + Kp*Ts/Ti*(SP - PV) + Ts/Tt*(U - V);
PV_old := PV;
```

Tt ಎಂಬುದು ಇಂಟಿಗ್ರಲ್ ಉಕ್ಕಿ ಹೋಗದಂತೆ ತಡೆಯುವ ಸಮಯ. Ti ಮತ್ತು Td ಗುಣಲಬ್ಧದ ವರ್ಗಮೂಲ, ನಿಮ್ಮಲ್ಲಿ ಸುಮಾರು 18 ಸೆಕೆಂಡ್, ಒಳ್ಳೆಯ ಆರಂಭ. ನೀವು ಸೀಮೆನ್ಸ್ ಎಸ್7-1200ರ `PID_Compact` ಬಳಸುತ್ತಿದ್ದರೆ ಇದನ್ನೆಲ್ಲ ಬರೆಯಬೇಕಿಲ್ಲ. ಅದರಲ್ಲಿ b ಎಂಬುದು `PWeighting`, c ಎಂಬುದು `DWeighting`, ಫಿಲ್ಟರ್ ಎಂಬುದು `TdFiltRatio`. ಕೊನೆಯದು 1 ÷ N, ಆದ್ದರಿಂದ N = 8ಕ್ಕೆ 0.125 ಕೊಡಬೇಕು, 8 ಅಲ್ಲ.

ನೀವೇ ಬರೆದುಕೊಳ್ಳುವುದಾದರೆ ಒಂದು ಹೊಂಡವನ್ನು ತಪ್ಪಿಸಿ, ಏಕೆಂದರೆ ಅದು ಹಾಲಿನ ಸುರಕ್ಷತೆಗೇ ತಾಗುತ್ತದೆ. ಅನೇಕರು ಇಂಟಿಗ್ರಲ್ ಅನ್ನೇ 0 ಮತ್ತು 100ರ ನಡುವೆ ಕಟ್ಟಿಹಾಕುತ್ತಾರೆ. b = 1 ಇದ್ದಾಗ ಅದರಿಂದ ದೊಡ್ಡ ತೊಂದರೆಯಿಲ್ಲ. b = 0.5 ಮತ್ತು ಸೆಟ್‌ಪಾಯಿಂಟ್ 74 ಇದ್ದಾಗ, ತಾಪಮಾನ ಸರಿಯಾಗಿ 74ರಲ್ಲಿದ್ದರೂ P ಭಾಗ 4 × (37 − 74), ಅಂದರೆ −148 ಆಗಿರುತ್ತದೆ. ವಾಲ್ವ್ ಶೇ. 40ರಲ್ಲಿರಲು ಇಂಟಿಗ್ರಲ್ 188 ಇರಬೇಕು. ಅದನ್ನು 100ಕ್ಕೆ ನಿಲ್ಲಿಸಿದರೆ ವಾಲ್ವ್ ಮುಚ್ಚುತ್ತದೆ. ಶೇ. 40ರ ತೆರವಿಗೇ ಲೆಕ್ಕ ಹಿಡಿದರೆ ತಾಪಮಾನ 52 ಡಿಗ್ರಿಗೆ ಇಳಿದ ಮೇಲೆ ಸಮತೋಲ ಸಿಗುತ್ತದೆ. ಅಷ್ಟರಲ್ಲಿ, ಸಾಕಷ್ಟು ಬಿಸಿಯಾಗದ ಹಾಲನ್ನು ಹಿಂದಿರುಗಿಸುವ ವಾಲ್ವ್ ಆದ ಎಫ್‌ಡಿವಿ ಅದನ್ನು ಬಾಲೆನ್ಸ್ ಟ್ಯಾಂಕ್‌ಗೆ ತಿರುಗಿಸಿರುತ್ತದೆ. ಆದ್ದರಿಂದ ಮಿತಿಯನ್ನು ಔಟ್‌ಪುಟ್‌ಗೆ ಹಾಕಿ, ಮೇಲಿನ ಸಾಲುಗಳಲ್ಲಿರುವಂತೆ.

ಇದೇ ಕಾರಣಕ್ಕೆ b ಅನ್ನು ಆಟೋದಲ್ಲಿ ಓಡುತ್ತಿರುವಾಗ ಬದಲಿಸಬಾರದು. 1ರಿಂದ 0.5ಕ್ಕೆ ಇಳಿಸಿದ ಕ್ಷಣವೇ P ಭಾಗ 148 ಅಂಶ ಬೀಳುತ್ತದೆ. ಮ್ಯಾನುಯಲ್‌ಗೆ ಹಾಕಿ, ಬದಲಿಸಿ, I ಅನ್ನು U − P − D ಎಂದು ಹೊಂದಿಸಿ, ಆಮೇಲೆ ಆಟೋಗೆ ತನ್ನಿ. ಇಡೀ ಪರೀಕ್ಷೆಯನ್ನು ಹಾಲಿನ ಮೇಲಲ್ಲ, ನೀರು ಓಡಿಸುತ್ತಾ ಮಾಡಿ.

ಫಿಲ್ಟರ್ ಹಾಕುವ ಮೊದಲು, ಅದೇ ನೀರಿನ ಓಟದಲ್ಲಿ ಲೂಪನ್ನು ಮ್ಯಾನುಯಲ್‌ಗೆ ಹಾಕಿ ಟ್ರೆಂಡ್ ನೋಡಿ. ವಾಲ್ವ್ ನಿಂತ ಮೇಲೂ ಅಳತೆ ಹಾಗೆಯೇ ಕುಣಿಯುತ್ತಿದ್ದರೆ ಅದು ಅಳತೆಯ ಗದ್ದಲ. ತಾಪಮಾನದ ಅಲೆ ಮ್ಯಾನುಯಲ್‌ನಲ್ಲಿ ಸತ್ತುಹೋದರೆ ಅದು ಲೂಪ್‌ನ ತೂಗಾಟ, ಅಂಟಿಕೊಳ್ಳುವ ವಾಲ್ವ್ ಅಥವಾ ಹೆಚ್ಚಾದ Kp. ಅದಕ್ಕೆ ಡೆರಿವೇಟಿವ್ ಫಿಲ್ಟರ್ ಮದ್ದಲ್ಲ.

ನಿಮ್ಮ ಅಳತೆ 0.1 ಡಿಗ್ರಿಯ ಹಂತದಲ್ಲಿ ಬರುತ್ತದೆ ಎಂಬುದು ನನಗೆ ಅನುಮಾನ ಹುಟ್ಟಿಸುತ್ತದೆ. ಪಿಟಿ-100 ಟ್ರಾನ್ಸ್‌ಮಿಟರ್‌ನ 4–20 ಮಿಲಿಆಂಪ್ ಸಂಕೇತವನ್ನು ಪಿಎಲ್‌ಸಿಯ ಅನಲಾಗ್ ಇನ್‌ಪುಟ್ ಇದಕ್ಕಿಂತ ಬಹಳ ಸೂಕ್ಷ್ಮವಾಗಿ ಓದಬಲ್ಲದು. ಪರದೆಯಲ್ಲಿ ತೋರಿಸಲೆಂದು ಒಂದು ದಶಮಾಂಶಕ್ಕೆ ದುಂಡಾಗಿಸಿದ ಬೆಲೆಯನ್ನೇ ಪಿಐಡಿಗೂ ಕೊಟ್ಟಿರುವ ಸಾಧ್ಯತೆ ಹೆಚ್ಚು. ದುಂಡಾಗಿಸುವ ಮುಂಚಿನ ಬೆಲೆಯನ್ನು ಕೊಡಿ. ಬಳಿಕವೂ ಗದ್ದಲ ಉಳಿದರೆ, ಪಿಟಿ-100ರ ಕೇಬಲ್ ಪಂಪ್‌ನ ಡ್ರೈವ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಹೋಗಿದೆಯೇ, ಶೀಲ್ಡ್ ಒಂದು ತುದಿಯಲ್ಲಿ ಮಾತ್ರ ಅರ್ತ್ ಆಗಿದೆಯೇ ನೋಡಿ.

ಮುಂದೆ ನೀವು ಹಾಲಿನ ತಾಪಮಾನದ ಲೂಪ್ ಬಿಸಿನೀರಿನ ಲೂಪ್‌ಗೆ ಆದೇಶ ಕೊಡುವಂತೆ ಕ್ಯಾಸ್ಕೇಡ್ ಮಾಡಿದರೆ, ಒಳಗಿನ ಬಿಸಿನೀರಿನ ಲೂಪ್‌ನಲ್ಲಿ b = 1 ಇರಲಿ. ಅದರ ಸೆಟ್‌ಪಾಯಿಂಟ್ ಆಪರೇಟರ್ ಒತ್ತಿದಾಗ ಮಾತ್ರವಲ್ಲ, ಸದಾ ಬದಲಾಗುತ್ತಿರುತ್ತದೆ. ಅಲ್ಲಿ b ತಗ್ಗಿಸಿದರೆ ಹೊರಗಿನ ಲೂಪ್‌ನ ಆದೇಶ ತಡವಾಗಿ ತಲುಪಿ, ಟ್ಯಾಂಕ್ ಬದಲಾದಾಗಿನ ಕುಸಿತ ಮತ್ತೆ ದೊಡ್ಡದಾಗುತ್ತದೆ. 0.5ರ ತೂಕವನ್ನು ಹೊರಗಿನ ಲೂಪ್‌ನಲ್ಲಿ ಮಾತ್ರ ಇಟ್ಟುಕೊಳ್ಳಿ.