ಅಪ್ಪನಿಗೆ ಬಂದ ತೆರಿಗೆ ನೋಟಿಸ್: ಯಾವ ಕಾಗದ ತರಿಸಿಕೊಳ್ಳಲಿ?

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಹಾಸನದಲ್ಲಿರುವ ಅಪ್ಪನಿಗೆ (72, ಪಿಂಚಣಿದಾರರು) 2024-25ರ ರಿಟರ್ನ್‌ಗೆ 15,000 ರೂಪಾಯಿ ಬಾಕಿ ಎಂದು 143(1) ನೋಟಿಸ್ ಬಂದಿದೆ. ಎಫ್‌ಡಿಯ ಟಿಡಿಎಸ್ ಒಪ್ಪಿಲ್ಲವಂತೆ. ಆ ಎಫ್‌ಡಿಯಲ್ಲಿ ಅಮ್ಮನ ಹೆಸರೂ ಇದೆ. ಯಾವ ಕಾಗದಗಳನ್ನು ಕೊರಿಯರ್ ಮಾಡಿಸಲಿ, ಅಪ್ಪನಿಗೆ ಇಮೇಲ್‌ನಲ್ಲಿ ಹೇಗೆ ತಿಳಿಸಲಿ?

ಉತ್ತರ:

ನಮ್ಮ ಮನೆಗೂ ಇದೇ ನೋಟಿಸ್ ಬಂದಿತ್ತು. ಕೊರಿಯರ್ ವಿಷಯ ಮರೆತುಬಿಡಿ. ನಿಮಗಾಗಲಿ ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಗಾಗಲಿ ಅಪ್ಪ ಒಂದು ಹಾಳೆಯನ್ನೂ ಅಂಚೆಗೆ ಹಾಕಬೇಕಿಲ್ಲ. ನಿಮಗೆ ಫೋನಿನಲ್ಲಿ ಬೇಕಾದದ್ದು ನಾಲ್ಕು ದಾಖಲೆ. ಸಹಿ ಮಾಡಿದ ಕಾಗದ ಹೋಗಬೇಕಾದದ್ದು ಬ್ಯಾಂಕಿಗೆ, ಅದೂ ಅಮ್ಮನ ಸಹಿ. ಯಾಕಂದರೆ ಎಫ್‌ಡಿಯಲ್ಲಿ ಅಮ್ಮನ ಹೆಸರು ಮೊದಲು ಇದ್ದರೆ ಟಿಡಿಎಸ್ ಹೋಗುವುದು ಅಮ್ಮನ ಪ್ಯಾನ್‌ಗೆ.

ಇಮೇಲ್‌ನ ಮೊದಲ ಸಾಲಿನಲ್ಲೇ ಬರೆಯಬೇಕಾದದ್ದು ಏನು ಮಾಡಬಾರದು ಅನ್ನುವುದನ್ನು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ Response to Outstanding Demand ತೆರೆದರೆ Demand is correct ಅಂತ ಒಂದು ಆಯ್ಕೆ ಇದೆ. ಹಿರಿಯರಿಗೆ ಸರ್ಕಾರದ ಬಾಕಿ ಅಂದರೆ ನಿದ್ದೆ ಬರುವುದಿಲ್ಲ. ಪಕ್ಕದ ಸೈಬರ್ ಸೆಂಟರ್‌ನವರ ಕೈಲಿ ಅದನ್ನೇ ಒತ್ತಿಸಿ ಹಣ ಕಟ್ಟಿ ಬರುತ್ತಾರೆ. ನಮ್ಮಲ್ಲಿ ದುಡ್ಡು ಹೋದದ್ದು ಹೀಗೇ. ಒಮ್ಮೆ ಸರಿ ಅಂದಮೇಲೆ ಆ ಬಾಕಿಗೆ ಅಲ್ಲಿ ತಕರಾರು ಹಾಕಲು ಬರುವುದಿಲ್ಲ. ಬ್ಯಾಂಕ್ ಆಗಲೇ ಹಿಡಿದಿಟ್ಟ 15,000 ಅಮ್ಮನ ಪ್ಯಾನ್‌ನಲ್ಲಿ ಕೂತಿರುತ್ತದೆ, ಅಪ್ಪ ಮತ್ತೆ 15,000 ಕಟ್ಟಿರುತ್ತಾರೆ. ಅಂದರೆ ಒಂದೇ ಬಡ್ಡಿಗೆ ಎರಡು ಸಲ ತೆರಿಗೆ. ಉತ್ತರಿಸಲು 30 ದಿನ ಇದೆ. ಅದು ದಾಟಿದರೂ ಬಡ್ಡಿ ತಿಂಗಳಿಗೆ ಶೇ. 1, ಅಂದರೆ 150 ರೂಪಾಯಿ. ಬಾಕಿ ರದ್ದಾದರೆ ಅದೂ ಹೋಗುತ್ತದೆ. ಗಾಬರಿ ಬೀಳುವ ಮೊತ್ತ ಅಲ್ಲ.

ಇಮೇಲ್ ಹೀಗಿದ್ದರೆ ಸಾಕು. ಎಫ್‌ಡಿ ಮೊತ್ತ, ಬಡ್ಡಿದರ, ಅಮ್ಮನ ಹೆಸರು ಮೊದಲಿದೆ ಅನ್ನುವುದು ನನ್ನ ಊಹೆ, ನಿಮ್ಮ ಎಫ್‌ಡಿ ನೋಡಿ ತಿದ್ದಿಕೊಳ್ಳಿ:

"ಅಪ್ಪಾ, ಈ ನೋಟಿಸ್‌ಗೆ ಸದ್ಯ ಹಣ ಕಟ್ಟಬೇಡಿ, ನನ್ನನ್ನು ಬಿಟ್ಟು ಯಾರಿಗೂ ಒಟಿಪಿ ಹೇಳಬೇಡಿ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. 20 ಲಕ್ಷದ ಎಫ್‌ಡಿಗೆ ಶೇ. 7.5ರಂತೆ 1,50,000 ಬಡ್ಡಿ ಬಂತು, ಬ್ಯಾಂಕ್ ಅದರಲ್ಲಿ ಶೇ. 10, ಅಂದರೆ 15,000 ಟಿಡಿಎಸ್ ಹಿಡಿಯಿತು. ಎಫ್‌ಡಿಯಲ್ಲಿ ಅಮ್ಮನ ಹೆಸರು ಮೊದಲು ಇರುವುದರಿಂದ ಅದು ಅಮ್ಮನ ಪ್ಯಾನ್‌ಗೆ ಜಮೆಯಾಗಿದೆ. ಬಡ್ಡಿಯನ್ನು ನೀವು ನಿಮ್ಮ ರಿಟರ್ನ್‌ನಲ್ಲಿ ತೋರಿಸಿದ್ದೀರಿ, ಆದರೆ ಟಿಡಿಎಸ್ ನಿಮ್ಮ ಹೆಸರಲ್ಲಿ ಕಾಣುತ್ತಿಲ್ಲ. ಅಷ್ಟೇ ವಿಷಯ.

ನನಗೆ ವಾಟ್ಸಾಪ್‌ನಲ್ಲಿ ಕಳಿಸಬೇಕಾದ್ದು: ನೋಟಿಸ್‌ನ ಪಿಡಿಎಫ್ ಪೂರ್ತಿ, ಮೊದಲ ಪುಟ ಮಾತ್ರ ಅಲ್ಲ (ಪಾಸ್‌ವರ್ಡ್ ಕೇಳಿದರೆ ನಿಮ್ಮ ಪ್ಯಾನ್ ಸಣ್ಣಕ್ಷರದಲ್ಲಿ, ಬೆನ್ನಿಗೇ ಜನ್ಮದಿನಾಂಕದ ಎಂಟು ಅಂಕಿ). ಎಫ್‌ಡಿ ರಸೀದಿಯ ಫೋಟೊ, ಇಬ್ಬರ ಹೆಸರೂ ಕಾಣುವಂತೆ. ಬ್ಯಾಂಕ್ ಅಮ್ಮನ ಹೆಸರಲ್ಲಿ ಕೊಟ್ಟ ಟಿಡಿಎಸ್ ಪ್ರಮಾಣಪತ್ರ, ಅಂದರೆ ಫಾರಂ 16ಎ. ನಿಮ್ಮ ಖಾತೆಯಿಂದ ಆ ಎಫ್‌ಡಿಗೆ ಹಣ ಹೋದ ದಿನದ ಪಾಸ್‌ಬುಕ್ ಪುಟ. ಎಲ್‌ಐಸಿ ರಸೀದಿ, ಔಷಧದ ಬಿಲ್ಲು, ಪಿಂಚಣಿ ಕಾಗದ ಯಾವುದೂ ಬೇಡ."

ನೋಟಿಸ್ ಪೂರ್ತಿ ಬೇಕು ಅನ್ನಲು ಕಾರಣ, ಒಳಪುಟಗಳಲ್ಲಿ ಅಕ್ಕಪಕ್ಕ ಎರಡು ಕಾಲಂ ಇರುತ್ತವೆ: ಅಪ್ಪ ತೋರಿಸಿದ್ದು, ಇಲಾಖೆ 143(1)ರಲ್ಲಿ ಲೆಕ್ಕ ಹಾಕಿದ್ದು. ಟಿಡಿಎಸ್ ಸಾಲಿನಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಮೇಲಿನ ದಾರಿ ಸರಿ. ಒಟ್ಟು ಆದಾಯದ ಸಾಲೂ ಬೇರೆಯಾಗಿದ್ದರೆ ಸಮಸ್ಯೆ ಬೇರೆ, ಈ ಉತ್ತರ ನಿಮಗಲ್ಲ. ಪಾಸ್‌ಬುಕ್ ಪುಟದ ಕೆಲಸ ಹಣ ಯಾರದ್ದು ಅಂತ ತೋರಿಸುವುದು. ಹಣ ನಿಜಕ್ಕೂ ಅಮ್ಮನದೇ ಆಗಿದ್ದರೆ ಆ ಬಡ್ಡಿ ಅಪ್ಪನ ರಿಟರ್ನ್‌ಗೆ ಬರಲೇಬಾರದಿತ್ತು. ಆಗ ಅಮ್ಮನೇ ರಿಟರ್ನ್ ಸಲ್ಲಿಸಿ ಟಿಡಿಎಸ್ ಕೇಳಬೇಕು.

ಇನ್ನು ಬ್ಯಾಂಕ್. ಆದಾಯ ತೆರಿಗೆ ನಿಯಮ 37ಬಿಎ(2)ರ ಪ್ರಕಾರ ಅಮ್ಮ ಒಂದು ಘೋಷಣೆ ಬರೆದುಕೊಡಬೇಕು: ಅಪ್ಪನ ಹೆಸರು, ವಿಳಾಸ, ಪ್ಯಾನ್, ಯಾವ ಎಫ್‌ಡಿಯ ಎಷ್ಟು ಬಡ್ಡಿ, ಟಿಡಿಎಸ್ ಅಪ್ಪನಿಗೆ ಯಾಕೆ ಸಲ್ಲಬೇಕು. ಎರಡು ಪ್ರತಿ ಒಯ್ದು ಒಂದಕ್ಕೆ ಶಾಖೆಯ ಸೀಲು ಹಾಕಿಸಿಕೊಳ್ಳಲಿ. ಕೌಂಟರ್‌ನಲ್ಲಿ "ವರ್ಷ ಮುಗೀತಲ್ಲ, ಆಗಲ್ಲ" ಅಂದರೆ ಒಪ್ಪಬೇಡಿ. ತಿದ್ದುಪಡಿಯ ಗಡುವು ದಾಟಿಲ್ಲದಿದ್ದರೆ ಆಯಾ ತ್ರೈಮಾಸಿಕದ ಟಿಡಿಎಸ್ ಸ್ಟೇಟ್‌ಮೆಂಟ್ ತಿದ್ದಿ ಸಲ್ಲಿಸಲು ಅವರಿಗೆ ಅವಕಾಶ ಇದೆ.

ಈ ನಡುವೆ ನೀವು ಪೋರ್ಟಲ್‌ನಲ್ಲಿ Disagree with demand ಆರಿಸಿ ಉತ್ತರ ಕೊಟ್ಟಿಡಿ. ಲಾಗಿನ್ ಒಟಿಪಿ ಅಪ್ಪನ ಫೋನಿಗೆ ಬರುತ್ತದೆ, ಹಾಗಾಗಿ ಅಲ್ಲಿಯ ಹೊತ್ತು ನೋಡಿ ಕರೆ ಮಾಡಿಕೊಂಡೇ ಕೂರಿ. ಆದರೆ ನೋಟಿಸ್‌ನ ಲೆಕ್ಕ ತಿದ್ದಿಸುವ ರೆಕ್ಟಿಫಿಕೇಶನ್ ಅರ್ಜಿಗೆ ಅವಸರ ಬೇಡ. ಅಪ್ಪನ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ, ಅಂದರೆ 26ಎಎಸ್‌ನಲ್ಲಿ 15,000 ಕಾಣುವ ಮುಂಚೆ Reprocess the return ಕೊಟ್ಟರೆ ಕಂಪ್ಯೂಟರ್ ಹಳೆಯ ಅಂಕಿಯನ್ನೇ ಓದಿ ಅದೇ ಬಾಕಿಯನ್ನು ಮತ್ತೆ ಕಳಿಸುತ್ತದೆ. ನಾಲ್ಕು ತ್ರೈಮಾಸಿಕದ ಮೊತ್ತ ಕೂಡಿ 15,000 ಆಗಿದೆಯೇ ಎಂದು 26ಎಎಸ್‌ನಲ್ಲಿ ನೋಡಿಕೊಳ್ಳಿ. ಬ್ಯಾಂಕ್ ಒಂದೇ ತ್ರೈಮಾಸಿಕ ತಿದ್ದಿ ಸುಮ್ಮನಾಗಿದ್ದರೆ ಉಳಿದದ್ದಕ್ಕೆ ಅಮ್ಮನ ಘೋಷಣೆಯ ಸೀಲು ಹಾಕಿದ ಪ್ರತಿ ಹಿಡಿದು ಮತ್ತೆ ಶಾಖೆಗೆ ಹೋಗಬೇಕಾಗುತ್ತದೆ.