‘ಅಂತೆ’ ಅಳಿಸಿದರೆ ರೂಪಕವಾಗುವುದೇ?

“ಮಾನ್ಯ ಸಂಪಾದಕರಿಗೆ ನಮಸ್ಕಾರ. ‘ಅಪ್ಪ’ ಎಂಬ ಕವಿತೆಯನ್ನು ಪರಿಶೀಲನೆಗೆ ಕಳುಹಿಸುತ್ತಿದ್ದೇನೆ. ಓದಿದ ಗೆಳೆಯರೊಬ್ಬರು ‘ಅಂತೆ’ಗಳು ಹೆಚ್ಚಾದವು, ರೂಪಕ ಮಾಡು ಎಂದರು. ‘ಅಂತೆ’ ತೆಗೆದರೆ ಉಪಮೆಯೇ ರೂಪಕವಾಗುತ್ತದೆ, ಅರ್ಥದಲ್ಲಿ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ನನ್ನ ಅನಿಸಿಕೆ. ತಾವು ಏನು ಹೇಳುತ್ತೀರಿ?

ಅಪ್ಪನ ಬೆನ್ನು ಬಿರುಕು ಬಿಟ್ಟ ಹೊಲದಂತೆ
ಅವನ ಮೌನ ಬತ್ತಿದ ಬಾವಿಯಂತೆ
ಅವನ ನಗು ಮೋಡದ ಮರೆಯ ಚಂದ್ರನಂತೆ
ಸಾಲ ಕೊಟ್ಟವರು ಬಂದು ಅಳತೆ ಹಿಡಿದು ಹೋದರು”

ಪ್ರಿಯರೇ,

ಕವಿತೆಯ ಲಯ ಚೆನ್ನಾಗಿದೆ, ಮಾತು ಎಲ್ಲೂ ತಡವರಿಸುವುದಿಲ್ಲ. ನಾಲ್ಕನೆಯ ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅಂಥ ಸಾಲನ್ನು ಮೇಲಿನ ಮೂರು ಸಾಲುಗಳೇ ಕೆಲಸ ಮಾಡಗೊಡದೆ ತಡೆದಿವೆ ಎಂಬುದು ಮಾತ್ರ ನನಗೆ ಸಹಿಸಲಾಗಲಿಲ್ಲ. ಆದ್ದರಿಂದ ಉಳಿದ ಕವಿತೆಯನ್ನು ಬದಿಗಿಟ್ಟು ಈ ನಾಲ್ಕು ಸಾಲುಗಳ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಅನಿಸಿಕೆಗೆ ದೊಡ್ಡವರ ಬೆಂಬಲವೇ ಇದೆ. ಭೇದ ಮರೆಯಾದ ಉಪಮೆಯೇ ರೂಪಕ ಎಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ಲಕ್ಷಣವಾಗಿ ಅದು ಸರಿ. ಆದರೆ ಭೇದ ಮರೆಯಾದ ಮೇಲೆ ಪದ್ಯದಲ್ಲಿ ಏನೇನು ನಡೆಯುತ್ತದೆ ಎಂಬುದು ಆ ಲಕ್ಷಣದಲ್ಲಿಲ್ಲ. ಅದನ್ನು ಪದ್ಯಗಳಲ್ಲಿಯೇ ನೋಡಬೇಕು.

ಬಸವಣ್ಣನವರ ವಚನವನ್ನು ತೆಗೆದುಕೊಳ್ಳಿ. “ಎನ್ನ ಕಾಲೇ ಕಂಭ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.” ಇದನ್ನು ನಿಮ್ಮ ರೀತಿಯಲ್ಲಿ ಬರೆದು ನೋಡೋಣ: ಎನ್ನ ಕಾಲು ಕಂಭದಂತೆ, ದೇಹ ದೇಗುಲದಂತೆ, ಶಿರ ಹೊನ್ನ ಕಳಸದಂತೆ. ಚಿತ್ರ ಕೆಡಲಿಲ್ಲ, ಆದರೆ ವಚನ ಅಲ್ಲಿಗೇ ನಿಂತುಹೋಯಿತು. ‘ಉಳ್ಳವರು’ ಕಟ್ಟಿಸಿದ ಶಿವಾಲಯ ನಿಜವಾದದ್ದಾಗಿಯೂ ಬಡವನ ದೇಹ ಅದನ್ನು ಹೋಲುವ ಇನ್ನೊಂದಾಗಿಯೂ ಉಳಿಯುತ್ತವೆ, ಮತ್ತು ಹೋಲುವ ವಸ್ತು ಯಾವಾಗಲೂ ಒಂದು ಮೆಟ್ಟಿಲು ಕೆಳಗೇ ಇರುತ್ತದೆ. ರೂಪಕದಲ್ಲಿ ದೇಹವು ದೇಗುಲದ ಜಾಗವನ್ನೇ ತೆಗೆದುಕೊಳ್ಳುತ್ತದೆ, ಇನ್ನೊಂದು ದೇಗುಲದ ಅಗತ್ಯವೇ ಇಲ್ಲವಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕಾಲು ಮತ್ತು ಕಂಭದ ನಡುವಿನ ವಿರೋಧ. ಉಪಮೆಗೆ ಒಂದು ಸಮಾನ ಧರ್ಮ ಬೇಕು. ‘ಕಂಭದಂತೆ’ ಎಂದ ಕೂಡಲೇ ಓದುಗನ ಮನಸ್ಸು ನೆಟ್ಟಗಿರುವುದು, ಭಾರ ಹೊರುವುದು ಎಂಬ ಸಮಾನ ಅಂಶವನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ರೂಪಕದಲ್ಲಿ ಹೀಗೆ ಆರಿಸುವ ಅವಕಾಶವಿಲ್ಲ, ಕಂಭ ಇಡಿಯಾಗಿ ಬರುತ್ತದೆ. ಕಂಭ ಅಲುಗುವುದಿಲ್ಲ, ಕಾಲು ನಡೆಯುತ್ತದೆ. ‘ಕಾಲೇ ಕಂಭ’ ಎಂದಾಗ ನಡೆಯುವ ಕಂಭವೊಂದು ನಮ್ಮೆದುರು ಬಂದು ನಿಲ್ಲುತ್ತದೆ, ಆ ಕಂಭಗಳ ಮೇಲಿರುವ ದೇಗುಲವೂ ನಡೆಯಲೇಬೇಕಾಗುತ್ತದೆ. “ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ” ಎಂಬ ಕೊನೆಯ ಮಾತು ಹುಟ್ಟುವುದೇ ಈ ವಿರೋಧದಿಂದ. ಹೋಲದೆ ಇರುವ ಅಂಶವನ್ನೂ ಕೆಲಸಕ್ಕೆ ಹಚ್ಚುವುದು ರೂಪಕಕ್ಕೆ ಸಾಧ್ಯ. ಉಪಮೆ ಅದನ್ನು ಬಾಗಿಲ ಹೊರಗೇ ಬಿಟ್ಟು ಬರುತ್ತದೆ.

ನಾನು ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿನ ಹಿರಿಯ ಸಂಪಾದಕರು ಸಂಜೆ ಹೊತ್ತು ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಅವನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನ್ನುತ್ತಾರೆಂದು ನಾನು ಪರೀಕ್ಷೆಗಾಗಿ ಕಲಿತಿದ್ದೆ. ಏಕೆ ಎಂದು ತಿಳಿದದ್ದು ಆ ಮೇಜಿನ ಮುಂದೆ. ಸಭಾಪರ್ವದಲ್ಲಿ ನಾರದ ಧರ್ಮರಾಯನಿಗೆ ಹೇಳುವ ಪದ್ಯ ಬಂದಿತ್ತು:

ಅರಸು ರಾಕ್ಷಸ ಮಂತ್ರಿಯೆಂಬುವ
ಮೊರೆವ ಹುಲಿ ಪರಿವಾರ ಹದ್ದಿನ
ನೆರವಿ ಬಡವರ ಬಿನ್ನಪವನಿನ್ನಾರು ಕೇಳುವರು

ಅವರು ನನ್ನನ್ನು ನಿಲ್ಲಿಸಿ, “ಪರಿವಾರ ಹದ್ದಿನ ಗುಂಪಾದರೆ ಪ್ರಜೆಗಳು ಏನಾದರು, ಹೇಳಪ್ಪ” ಎಂದು ಕೇಳಿದರು. ಹದ್ದುಗಳು ನೆರೆಯುವುದು ಹೆಣ ಬಿದ್ದಲ್ಲಿ. ಪ್ರಜೆಗಳನ್ನು ಹೆಣವೆಂದು ಕವಿ ಎಲ್ಲೂ ಹೇಳಿಲ್ಲ, ಆದರೂ ಹೇಳಿದ್ದಾನೆ. ‘ಪರಿವಾರ ಹದ್ದುಗಳಂತೆ’ ಎಂದಿದ್ದರೆ ಆಸೆಬುರುಕತನವೊಂದು ಕಾಣಿಸಿ ಮಾತು ಮುಗಿಯುತ್ತಿತ್ತು. ‘ಅಂತೆ’ಯನ್ನು ಬೆರಳಿನಿಂದ ಮುಚ್ಚಿ, ಮುಂದಿನ ಸಾಲಿನಲ್ಲಿ ಏನಾದರೂ ಬದಲಾಯಿತೇ ನೋಡು ಎಂದು ಅವರು ಹೇಳಿಕೊಟ್ಟ ಕ್ರಮವನ್ನೇ ನಾನು ಇಂದಿಗೂ ಅನುಸರಿಸುತ್ತೇನೆ. ಏನೂ ಬದಲಾಗದಿದ್ದರೆ ಅಲ್ಲಿರುವುದು ‘ಅಂತೆ’ ಕಳೆದುಕೊಂಡ ಉಪಮೆ ಮಾತ್ರ, ಅದನ್ನು ರೂಪಕವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಈಗ ನಿಮ್ಮ ಸಾಲುಗಳಿಗೆ ಬರುತ್ತೇನೆ. ‘ಬೆನ್ನು ಹೊಲದಂತೆ’ ಎಂದು ನೀವು ಬರೆದಿರುವುದರಿಂದ ಬೆನ್ನು ಬೆನ್ನಾಗಿಯೇ, ಹೊಲ ಹೊಲವಾಗಿಯೇ ಉಳಿದಿವೆ. ಸಾಲ ಕೊಟ್ಟವರು ಬಂದು ಅಳತೆ ಹಿಡಿದಾಗ ಓದುಗ ಊರಾಚೆಯ ಯಾವುದೋ ಜಮೀನನ್ನು ನೆನೆಯುತ್ತಾನೆ. ‘ಅಪ್ಪನ ಬೆನ್ನೇ ಹೊಲ’ ಎಂದು ಬರೆದು, ಅದರ ಬೆನ್ನಿಗೇ ನಾಲ್ಕನೆಯ ಸಾಲನ್ನು ಇಟ್ಟು ಓದಿಕೊಳ್ಳಿ. ಅಳತೆಯ ಸರಪಳಿ ಈಗ ಅಪ್ಪನ ಮೈಮೇಲೆ ಬೀಳುತ್ತದೆ. ಆ ಸಾಲಿನ ಒಂದು ಅಕ್ಷರವನ್ನೂ ನೀವು ತಿದ್ದಬೇಕಾಗಿಲ್ಲ.

ಮೂರನೆಯ ಸಾಲು ಹೋಗಬೇಕು. ಮೊದಲ ಸಾಲಿನಲ್ಲಿ ಬಿರುಕು ಬಿಟ್ಟ ಹೊಲವನ್ನು ತಂದವರು ನೀವು. ಅಂಥ ಹೊಲದವನು ಕಣ್ಣು ನೆಟ್ಟು ಕಾಯುವುದೇ ಮೋಡವನ್ನು. ಅದೇ ಮೋಡ ಮೂರನೆಯ ಸಾಲಿನಲ್ಲಿ ಅವನ ನಗುವನ್ನು ಮರೆಮಾಡುವ ಕೇಡಾಗಿ ಬಂದಿದೆ. ‘ಅಂತೆ’ ಇದ್ದುದರಿಂದ ಈ ಎಡವಟ್ಟು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಉಪಮೆಗಳು ಒಂದನ್ನೊಂದು ಮುಟ್ಟದೆ ಬಿಡಿಬಿಡಿಯಾಗಿ ನಿಲ್ಲಬಲ್ಲವು. ಬಾವಿಯ ಸಾಲು ಬೇರೆ ರೀತಿಯದು. ಬತ್ತಿದ ಬಾವಿ ಅದೇ ಹೊಲದಲ್ಲಿ ಇರಬಹುದಾದದ್ದು, ಜೊತೆಗೆ ಅದರೊಳಗೆ ಕೂಗಿದರೆ ದನಿ ತಿರುಗಿ ಬರುತ್ತದೆ. ಮೌನವೇ ಬಾವಿಯಾದರೆ ಆ ಮರುದನಿಗೆ ಕವಿತೆಯಲ್ಲಿ ಜಾಗ ಕೊಡಬೇಕಾಗುತ್ತದೆ. ಕೊಡಬಲ್ಲಿರಾದರೆ ಇಟ್ಟುಕೊಳ್ಳಿ.

ಇಷ್ಟು ಹೇಳಿದೆನೆಂದು ಉಪಮೆಗಳನ್ನೆಲ್ಲ ಕಿತ್ತುಹಾಕಬೇಡಿ. “ನುಡಿದರೆ ಮುತ್ತಿನ ಹಾರದಂತಿರಬೇಕು” ಎಂದು ಹೊರಟ ಬಸವಣ್ಣನವರು ಅಲ್ಲಿಂದ ಮಾಣಿಕ್ಯದ ದೀಪ್ತಿಗೆ, ಸ್ಫಟಿಕದ ಶಲಾಕೆಗೆ ಸಾಗುತ್ತಾರೆ. ಒಂದರಿಂದ ಪೋಣಿಕೆ, ಇನ್ನೊಂದರಿಂದ ಹೊಳಪು, ಮತ್ತೊಂದರಿಂದ ತಿಳಿತನವನ್ನಷ್ಟೇ ತೆಗೆದುಕೊಂಡು ಮುಂದೆ ನಡೆಯಲು ಉಪಮೆಯೇ ಬೇಕು. ನುಡಿಯೇ ಹಾರವಾಗಿಬಿಟ್ಟಿದ್ದರೆ ಮರುಗಳಿಗೆ ಅದು ಶಲಾಕೆಯಾಗುವುದು ಕಷ್ಟವಾಗುತ್ತಿತ್ತು.

ಎರಡೂ ಒಂದೇ ಪದ್ಯದಲ್ಲಿ ತಂತಮ್ಮ ಕೆಲಸ ಮಾಡುವುದನ್ನು ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ದಲ್ಲಿ ನೋಡಬಹುದು. ಕಾಲವು ಹಕ್ಕಿಯಂತೆ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಹಕ್ಕಿಯನ್ನೇ ಹಾರಲು ಬಿಟ್ಟು, ಅದಕ್ಕೆ ಪುಚ್ಚ, ಗರಿ, ರೆಕ್ಕೆಗಳನ್ನು ಒಂದೊಂದಾಗಿ ಕೊಡುತ್ತಾ ಹೋಗುತ್ತಾರೆ. ನಡುವೆ “ನೀಲಮೇಘಮಂಡಲ-ಸಮ ಬಣ್ಣ” ಎಂದು ಉಪಮೆಯೊಂದು ಬರುತ್ತದೆ. ಅಲ್ಲಿ ಬೇಕಾದದ್ದು ಬಣ್ಣವೊಂದೇ, ಆದ್ದರಿಂದ ‘ಸಮ’ ಸಾಕು. ಅದೇ ನುಡಿಯ ಕೊನೆಗೆ ಕಣ್ಣಿನ ಮಾತು ಬಂದಾಗ ಕಣ್ಣು ಸೂರ್ಯಚಂದ್ರರ ಸಮ ಎನ್ನದೆ “ಸೂರ್ಯಚಂದ್ರರನು ಮಾಡಿದೆ ಕಣ್ಣ” ಎನ್ನುತ್ತಾರೆ. ಆ ಹಕ್ಕಿ ಹಗಲೂ ಇರುಳೂ ನಮ್ಮನ್ನು ನೋಡುತ್ತಿರುವುದು ಈ ‘ಮಾಡಿದೆ’ಯಿಂದ.

ನಿಮ್ಮ ಕವಿತೆಯನ್ನು ಹಿಂದಿರುಗಿಸುತ್ತಿದ್ದೇನೆ. ಮೊದಲ ಸಾಲನ್ನು ತಿದ್ದಿ, ಮೂರನೆಯದನ್ನು ತೆಗೆದು, ಬಾವಿಯ ಬಗ್ಗೆ ನೀವೇ ತೀರ್ಮಾನಿಸಿ ಮತ್ತೆ ಕಳುಹಿಸಿ. ನಾಲ್ಕನೆಯ ಸಾಲನ್ನು ಮಾತ್ರ ಮುಟ್ಟಬೇಡಿ.