ದಿನಾ ಶ್ಯಾಡೋಯಿಂಗ್ ಮಾಡಿದರೂ ಕಾಲ್‌ನಲ್ಲಿ ಹಳೇ ಇಂಗ್ಲಿಷೇ ಬರುತ್ತೆ, ಯಾಕೆ?

"ನಾನು ಯಾದಗಿರಿಯವನು. ದಿನಾ ಒಂದು ಗಂಟೆ ಇಯರ್‌ಫೋನ್ ಹಾಕಿಕೊಂಡು ಅಮೆರಿಕನ್ ನ್ಯೂಸ್ ಕೇಳ್ತಾ ಜೊತೆಜೊತೆಗೇ ಹಾಗೇ ಹೇಳ್ತೀನಿ, ಅದೇ ಶ್ಯಾಡೋಯಿಂಗ್. ಹೇಳುವಾಗ ಅವರ ಥರಾನೇ ಇದೆ ಅನಿಸುತ್ತೆ. ಕಾಲ್‌ನಲ್ಲಿ ಮಾತಾಡಿದರೆ ಮತ್ತೆ ಹಳೇ ಆಕ್ಸೆಂಟು. ಇನ್ನೂ ಒಳ್ಳೇ ಆಪ್ ಯಾವುದಾದರೂ ಇದೆಯಾ?"

ಆಪ್ ಬಿಡ್ರಿ. ಮೊದಲು ಒಂದು ಕಿವಿಯಿಂದ ಇಯರ್‌ಫೋನ್ ತೆಗೀರಿ.

ನಾನು ಕಲಬುರಗಿಯಲ್ಲಿ ಡಿಗ್ರಿ ಮುಗಿಸಿ ಹೈದರಾಬಾದಿನ ಒಂದು ಕಾಲ್ ಸೆಂಟರ್ ಸೇರಿದವನು. ಅಮೆರಿಕದ ಗ್ರಾಹಕರು. ಊರಿಗೆ ಬಂದಾಗಲೂ ಬಿಡದೆ ಬೆಳಗ್ಗೆ ಕಲಬುರಗಿಯ 'ಅಪ್ಪನ ಕೆರೆ' ಸುತ್ತ ನಡೀತಾ, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಫುಲ್ ವಾಲ್ಯೂಮ್ ಇಟ್ಟು, ನ್ಯೂಸ್ ಹಿಂದೆ ಹಿಂದೆ ಒದರುತ್ತಿದ್ದೆ. ವಾಕಿಂಗ್ ಬಂದವರು ತಿರುಗಿ ತಿರುಗಿ ನೋಡೋರು. ನನ್ನ ಮಟ್ಟಿಗೆ ನಾನು ಪಕ್ಕಾ ಅಮೆರಿಕದವನು.

ಒಂದಿನ ಒಬ್ಬ ಗ್ರಾಹಕರಿಗೆ 'ವಿ ಕ್ಯಾನ್ ರಿಫಂಡ್ ದಿ ಅಮೌಂಟ್ ಬೈ ಮಂಡೇ' ಅಂದೆ. ಆಕೆ ಸಿಟ್ಟಾದರು. ಯಾಕೆ ಕೊಡಲ್ಲ ಅಂತ ಜಗಳ. ನಾನು ಇನ್ನೂ ಒತ್ತಿ 'ಕ್ಯಾನ್, ಕ್ಯಾನ್' ಅಂದೆ, ಅವರಿಗೆ ಇನ್ನೂ ಸ್ಪಷ್ಟವಾಗಿ 'ಕ್ಯಾಂಟ್' ಕೇಳಿಸಿತು. ದೂರು ಮೇಲೆ ಹೋಯಿತು, ನನ್ನನ್ನು ಫೋನಿಂದ ತೆಗೆದು ಈಮೇಲ್ ಡೆಸ್ಕಿಗೆ ಹಾಕಿದರು, ಇನ್ಸೆಂಟಿವ್ ಹೋಯಿತು.

ಆದದ್ದು ಇಷ್ಟು. ಅಮೆರಿಕದವರು ಮಾತಿನ ಓಟದಲ್ಲಿ 'ಕ್ಯಾಂಟ್' ಕೊನೆಯ ಟಕಾರವನ್ನು ಬಹಳ ಸಲ ಪೂರ್ತಿ ಉಚ್ಚರಿಸೋದೇ ಇಲ್ಲ. ಹೌದು ಅನ್ನುವಾಗ 'ಕ್ಯಾನ್' ಪದವನ್ನು 'ಕ್ನ್' ಅಂತ ನುಂಗಿ ಬಿಡ್ತಾರೆ, ಇಲ್ಲ ಅನ್ನುವಾಗ 'ಕ್ಯಾಂಟ್' ಅನ್ನು ಒತ್ತಿ ಹೇಳ್ತಾರೆ. ಅವರ ಕಿವಿ ಆ ಒತ್ತನ್ನೇ ಹಿಡಿಯುತ್ತೆ. ನಾವು ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಹೊತ್ತು ಕೊಡುವವರು, ಇಂಗ್ಲಿಷಿಗೂ ಹಾಗೇ ಕೊಡ್ತೀವಿ. ನಿಮ್ಮ ಕಷ್ಟ ಆಕ್ಸೆಂಟ್ ಅಂದುಕೊಂಡಿದ್ದೀರಿ. ಅಲ್ಲ, ಅದು ಲಯದ್ದು.

ಅಷ್ಟು ದಿನ ಅಭ್ಯಾಸ ಮಾಡಿದರೂ ನನಗೆ ಯಾಕೆ ಗೊತ್ತಾಗಲಿಲ್ಲ? ಫುಲ್ ವಾಲ್ಯೂಮಿನಲ್ಲಿ ನನ್ನ ದನಿ ನನಗೇ ಕೇಳ್ತಿರಲಿಲ್ಲ. ಕಿವಿಯಲ್ಲಿ 'ಕ್ನ್' ಅನ್ನುತ್ತಿದ್ದವಳು ನ್ಯೂಸಿನಾಕೆ, ಬಾಯಲ್ಲಿ 'ಕ್ಯಾನ್' ಅನ್ನುತ್ತಿದ್ದವನು ನಾನು, ಮಾರ್ಕ್ಸ್ ಮಾತ್ರ ನನಗೆ ಹಾಕಿಕೊಳ್ಳುತ್ತಿದ್ದೆ. ಇನ್ನೊಂದು, ಕಿವಿಯಲ್ಲಿ ಸದ್ದು ಜಾಸ್ತಿ ಇದ್ದರೆ ಯಾರೇ ಆಗಲಿ ತಾವಾಗೇ ದನಿ ಏರಿಸ್ತಾರೆ. ನಾನು ಒದರಿದಾಗ ನುಂಗಬೇಕಾದ ಅಕ್ಷರವೂ ಎದ್ದು ನಿಲ್ಲುತ್ತಿತ್ತು. ಶ್ಯಾಡೋಯಿಂಗನ್ನು ಜನಪ್ರಿಯ ಮಾಡಿದ ಅಲೆಕ್ಸಾಂಡರ್ ಅರ್ಗ್ವೆಲ್ಲೆಸ್ ಹೊರಗೆ ಚುರುಕಾಗಿ ನಡೀತಾ ದೊಡ್ಡ ದನಿಯಲ್ಲಿ ಹೇಳಿ ಅಂತಾರೆ. ಸರಿ, ಆದರೆ ಆ ದೊಡ್ಡ ದನಿ ನಿಮಗೂ ಕೇಳಬೇಕಲ್ವಾ?

ನಿಮ್ಮದೂ ಇದೇನಾ ಅಂತ ಇವತ್ತೇ ನೋಡಿ. ಒಂದು ಫೋನಿನ ಆಡಿಯೊ ಕಿವಿಯಲ್ಲಿ ಓಡಲಿ, ಮನೆಯವರ ಫೋನಿನಲ್ಲಿ ನಿಮ್ಮ ದನಿ ಮಾತ್ರ ರೆಕಾರ್ಡ್ ಆಗಲಿ. ಸಂಜೆ ಅದೊಂದನ್ನೇ ಕೇಳಿ. ನನ್ನದು ಕೇಳಿದಾಗ ಊಟ ಸೇರಲಿಲ್ಲ.

ಆಮೇಲೆ ನ್ಯೂಸ್ ಬಿಟ್ಟೆ. ಅದು ಓದುವ ಧಾಟಿ, ಯಾರೂ ಫೋನಿನಲ್ಲಿ ಹಾಗೆ ಮಾತಾಡಲ್ಲ. ಇಬ್ಬರು ಹರಟುವ ಸಂದರ್ಶನದಿಂದ, ಮಾತಿನ ಬರಹವೂ ಸಿಗುವಂಥ 20 ಸೆಕೆಂಡಿನ ತುಂಡು ಸಾಕು. ಸುಮ್ನೆ ಕೇಳಿ, ಒತ್ತು ಬೀಳುವಲ್ಲಿ ಗೆರೆ ಹಾಕಿ. ನನ್ನ ಆ ಹಾಳು ವಾಕ್ಯದಲ್ಲೇ ನೋಡಿ: ಒತ್ತು ಇರೋದು 'ಫಂಡ್', 'ಮೌಂಟ್', 'ಮನ್' ಮೂರರ ಮೇಲೆ ಮಾತ್ರ. ಪದ ಬಿಟ್ಟು ಮೊದಲು ಗುನುಗಿ: ದ ದ ದ ಡಂ, ದ ದ ಡಂ, ದ ಡಂ ದ. ನಡೆಯುವಾಗ ಪ್ರತಿ 'ಡಂ'ಗೆ ಒಂದು ಹೆಜ್ಜೆ. ಹೆಜ್ಜೆ ಒಂದೇ ಸಮ ಇರಬೇಕು ಅಂದರೆ ನಡುವಿನ 'ದ'ಗಳು ತಾವೇ ಓಡಬೇಕಾಗುತ್ತೆ. ಅದು ಕೂತ ಮೇಲೆ ಪದ ತುಂಬಿ, ಒಂದೇ ಕಿವಿಯಲ್ಲಿ ಸಣ್ಣ ವಾಲ್ಯೂಮ್ ಇಟ್ಟು ಹಿಂದೆ ಹೇಳಿ. ವೇಗ ತೀರಾ ಇಳಿಸಬೇಡಿ, ನುಂಗಿದ ಅಕ್ಷರಗಳೆಲ್ಲ ಎಳೆದಾಡಿ ಲಯವೇ ಕೆಡುತ್ತೆ.

ಕಾಲ್‌ನಲ್ಲಿ ಹಳೇದೇ ಬರೋದಕ್ಕೆ ಕಾರಣ, ಅಲ್ಲಿ ಕೇಳಿ ಹಿಂದೆ ಹೇಳಲು ಕಿವಿಯಲ್ಲಿ ಯಾರೂ ಇರಲ್ಲ. ಅದಕ್ಕೇ ತುಂಡು ಮುಗಿದ ತಕ್ಷಣ ಆಡಿಯೊ ನಿಲ್ಲಿಸಿ, ಅದೇ ತಾಳಕ್ಕೆ ನಿಮ್ಮ ಕೆಲಸದ ಮಾತು ಕೂರಿಸಿ: 'ವಿ ಕ್ನ್ ರಿಪ್ಲೇಸ್ ದಿ ಮಷೀನ್ ಬೈ ಫ್ರೈಡೇ'. ಎಲ್ಲಾ 'ಕ್ಯಾನ್' ನುಂಗಲೂಬೇಡಿ, 'ಯೆಸ್, ವಿ ಕ್ಯಾನ್' ಅಂತ ಮಾತು ಅಲ್ಲೇ ಮುಗಿದರೆ ಪೂರ್ತಿ ಹೇಳಬೇಕು.

ಶ್ಯಾಡೋಯಿಂಗಿಂದ ಆಗದ್ದೂ ಇದೆ. 'ವೆಸ್ಟ್' ಅಂದಾಗ ದಿಕ್ಕೋ ಬನಿಯನ್ನೋ ನಮ್ಮ ಬಾಯಿಗೆ ಎರಡೂ ಒಂದೇ, ಕಿವಿಗೂ ಒಂದೇ. ಕೇಳಿಸದೇ ಇದ್ದದ್ದನ್ನು ಎಷ್ಟು ಸಲ ಹಿಂದೆ ಹೇಳಿದರೂ ಬರಲ್ಲ. ಅದಕ್ಕೆ ಕನ್ನಡಿ ಮುಂದೆ ನಿಲ್ಲಿ: ದಿಕ್ಕಿಗೆ ತುಟಿ ಗುಂಡಗೆ ಆಗಬೇಕು, ಹಲ್ಲು ತಾಗಬಾರದು. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು.